ಗುಂಯ್‌ಗುಡುವ ಹೆಡ್‌ಫೋನ್: ಒಳಮೈಕಿನ ಸೀಲ್ ಬಿಟ್ಟುಕೊಂಡ ಒಂದು ಪ್ರಕರಣ

ರಿಪೇರಿ ಮೇಜಿಗೆ ಬಂದದ್ದು ಎರಡೂವರೆ ವರ್ಷ ಬಳಸಿದ, ಕಿವಿಯನ್ನು ಪೂರ್ತಿ ಮುಚ್ಚುವ ಬ್ಲೂಟೂತ್ ಹೆಡ್‌ಫೋನ್. ಪ್ರತಿ ಕಪ್‌ನಲ್ಲಿ ಎರಡು ಮೈಕ್: ಒಂದು ಹೊರಮೈಯಲ್ಲಿ, ಇನ್ನೊಂದು ಒಳಗೆ, ಸದ್ದು ಹೊರಡಿಸುವ ಪುಟ್ಟ ಸ್ಪೀಕರ್ ಆದ ಡ್ರೈವರ್‌ನ ಮುಂದೆ. ಬಳಸುತ್ತಿದ್ದವರ ದೂರು ಹೀಗಿತ್ತು. ಸುತ್ತಲಿನ ಸದ್ದನ್ನು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹಾಕಿ ಹತ್ತು ಹದಿನೈದು ನಿಮಿಷವಾದ ಮೇಲೆ ಬಲಗಿವಿಯಲ್ಲಿ ದಪ್ಪ ದನಿಯ ಗುಂಯ್ ಶಬ್ದ ಏಳುತ್ತದೆ. ಹಾಡು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಮಾತಾಡಿದರೆ, ಏನಾದರೂ ಅಗಿದರೆ, ಕನ್ನಡಕ ಹಾಕಿದರೆ ಜೋರಾಗುತ್ತದೆ. ಶಬ್ದ ಇಲ್ಲದಿರುವಾಗಲೂ ಬಲಗಿವಿ ಯಾರೋ ಒತ್ತಿ ಹಿಡಿದಂತೆ ಬಿಗಿಯಾಗಿರುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿದ ಕ್ಷಣ ಎರಡೂ ಮಾಯ.

ಅವರು ಈಗಾಗಲೇ ಮಾಡಿ ನೋಡಿದ್ದು ಮೂರು ಕೆಲಸ. ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ದರು, ರೀಸೆಟ್ ಮಾಡಿದ್ದರು, ಎರಡರಿಂದಲೂ ಏನೂ ಬದಲಾಗಲಿಲ್ಲ. ಮೂರನೆಯದಾಗಿ ಹಳೆಯ ಕುಶನ್ ತೆಗೆದು ಹೊಸ ಜೋಡಿ ಹಾಕಿದ್ದರು. ಅದರಿಂದ ಒಂದು ವಾರ ಶಬ್ದ ಬಹುತೇಕ ನಿಂತು, ಆಮೇಲೆ ಮೊದಲಿಗಿಂತ ಜೋರಾಗಿ ಮರಳಿತು. ಈ ಮೂರನೆಯ ಸಂಗತಿಯೇ ಇಡೀ ಪ್ರಕರಣದ ಕೀಲಿ. ಆದರೆ ಅದನ್ನು ತಪ್ಪಾಗಿ ಓದಿಕೊಳ್ಳುವುದೂ ಅಷ್ಟೇ ಸುಲಭ.

ಒಳಗೆ ಏನು ನಡೆಯುತ್ತಿರುತ್ತದೆ

ಹೊರಮೈಕ್ ಸುತ್ತಲಿನ ಸದ್ದನ್ನು ಮುಂಚಿತವಾಗಿ ಕೇಳಿಸಿಕೊಂಡು, ಅದಕ್ಕೆ ತಿರುಗುಮುರುಗಾದ ಅಲೆಯನ್ನು ಸಿದ್ಧಮಾಡಲು ಚಿಪ್‌ಗೆ ಸುಳಿವು ಕೊಡುತ್ತದೆ. ಒಳಮೈಕಿನ ಕೆಲಸ ಬೇರೆ. ಕಿವಿಯ ಎದುರು ಕೊನೆಗೆ ಎಷ್ಟು ಸದ್ದು ಉಳಿಯಿತು ಎಂದು ಅದು ನೋಡುತ್ತದೆ. ಉಳಿದದ್ದನ್ನು ಚಿಪ್ ತಿರುಗಿಸಿ ಡ್ರೈವರ್‌ಗೆ ಕೊಡುತ್ತದೆ, ಡ್ರೈವರ್ ನುಡಿಸಿದ್ದನ್ನು ಒಳಮೈಕ್ ಮತ್ತೆ ಕೇಳುತ್ತದೆ. ಮೈಕ್‌ನಿಂದ ಚಿಪ್‌ಗೆ, ಚಿಪ್‌ನಿಂದ ಡ್ರೈವರ್‌ಗೆ, ಡ್ರೈವರ್‌ನಿಂದ ಮತ್ತೆ ಮೈಕ್‌ಗೆ: ಇದು ಬಿಡುವಿಲ್ಲದೆ ಸುತ್ತುವ ಒಂದು ಬಳಸು.

ಈ ಬಳಸಿನಲ್ಲಿ ತಿರುಗಿಸಿದ ಅಲೆ ತಿರುಗಿದ್ದಾಗಿಯೇ ಮೈಕ್‌ಗೆ ಮರಳಬೇಕು. ಆಗ ಹೆಚ್ಚಿದ್ದು ಕುಗ್ಗುತ್ತದೆ. ಯಾವುದೋ ಕಾರಣಕ್ಕೆ ಅದು ಇನ್ನೊಮ್ಮೆ ತಿರುಗಿ, ಅಂದರೆ ಮೂಲದ ಜೊತೆ ಹೆಜ್ಜೆ ಕೂಡಿಸಿಕೊಂಡು ಮರಳಿದರೆ, ಕುಗ್ಗಬೇಕಾದದ್ದು ಬೆಳೆಯುತ್ತದೆ. ಸಭಾಂಗಣದ ಮೈಕನ್ನು ಸ್ಪೀಕರ್ ಎದುರು ಹಿಡಿದರೆ ಕೀಂಯ್ ಎನ್ನುವುದೂ ಇದೇ ಕಾರಣಕ್ಕೆ. ಹೆಡ್‌ಫೋನಿನ ಒಳಬಳಸು ಹೆಚ್ಚು ಬಲವಾಗಿ ಕೆಲಸ ಮಾಡುವುದು ಕೆಲವು ನೂರು ಹರ್ಟ್ಜ್‌ಗಿಂತ ಕೆಳಗೆ. ಆದ್ದರಿಂದ ಅದರ ದಿಕ್ಕು ತಪ್ಪಿದರೆ ಹುಟ್ಟುವುದು ಕೀರಲು ದನಿಯಲ್ಲ, ದಪ್ಪ ಗುಂಯ್‌ಕಾರ.

ದೋಷಗಳನ್ನು ಎರಡು ಗುಂಪು ಮಾಡಿಕೊಂಡರೆ ಹುಡುಕಾಟ ಹಗುರವಾಗುತ್ತದೆ. ಒಂದು ಗಾಳಿಯ ದಾರಿಯ ದೋಷ: ಸೀಲ್, ಜಾಲರಿ, ಕುಶನ್, ಗಾಳಿಕಿಂಡಿ. ಇನ್ನೊಂದು ವಿದ್ಯುತ್ತಿನ ದಾರಿಯದು: ಮೈಕ್ ಬಿಲ್ಲೆ, ತಂತಿ, ಬೆಸುಗೆ, ಚಿಪ್. ಕೈಯಿಂದ ಕಪ್ ಒತ್ತಿದಾಗ ಗುಂಯ್ ಶಬ್ದದ ಶ್ರುತಿ ಏರಿಳಿದರೆ ಅದು ಹೆಚ್ಚಾಗಿ ಗಾಳಿಯ ದಾರಿಯದು, ಏಕೆಂದರೆ ನಾವು ಬದಲಿಸಿದ್ದು ಒಳಗಿನ ಗಾಳಿಯನ್ನು ಮಾತ್ರ. ಏನು ಮಾಡಿದರೂ ಒಂದೇ ಶ್ರುತಿಯಲ್ಲಿದ್ದರೆ ವಿದ್ಯುತ್ತಿನ ಕಡೆ ನೋಡಬೇಕು. ಚಾರ್ಜರ್ ಸಿಕ್ಕಿಸಿದಾಗಷ್ಟೇ ಬರುವ 50 ಅಥವಾ 60 ಹರ್ಟ್ಜ್, ಇಲ್ಲವೇ ಅದರ ಎರಡರಷ್ಟು ಶ್ರುತಿಯ ಸದ್ದು ಹೆಡ್‌ಫೋನಿನದೇ ಅಲ್ಲ, ಮನೆಯ ವಿದ್ಯುತ್ತಿನದು. ಅದಕ್ಕೆ ಕೇಬಲ್ ಮತ್ತು ಚಾರ್ಜರ್ ಬದಲಿಸಿದರೆ ಸಾಕು.

ತೆರೆಯುವ ಮುನ್ನ ಮಾಡಿದ ಪರೀಕ್ಷೆಗಳು

ಮೊದಲಿಗೆ ಫೋನಿನ ಬ್ಲೂಟೂತ್ ಆಫ್ ಮಾಡಿ, ಯಾವುದಕ್ಕೂ ಜೋಡಿಸದೆ ಹೆಡ್‌ಫೋನ್ ಮಾತ್ರ ಆನ್ ಮಾಡಲಾಯಿತು. ಗುಂಯ್ ಶಬ್ದ ಬಂದದ್ದರಿಂದ ಫೋನ್, ಆ್ಯಪ್, ಹಾಡು ಇವೆಲ್ಲ ಹೊರಗುಳಿದವು. ಈ ಕೆಲಸಕ್ಕೆ ಮುಂಚೆ, ತಲೆಯಿಂದ ತೆಗೆದರೆ ತಾನೇ ನಿಲ್ಲುವ ಸೌಲಭ್ಯವನ್ನು ಆ್ಯಪ್‌ನಲ್ಲಿ ಆಫ್ ಮಾಡಿಡುವುದು ಒಳ್ಳೆಯದು. ಇಲ್ಲದಿದ್ದರೆ ಕೈಯಲ್ಲಿ ಹಿಡಿದು ಪರೀಕ್ಷಿಸುವಾಗ ಹೆಡ್‌ಫೋನ್ ಮೌನವಾಗಿ, ದೋಷವೇ ಇಲ್ಲವೆನಿಸುತ್ತದೆ. ಇನ್ನೊಂದು ಎಚ್ಚರಿಕೆ: ಬಳಸು ಹದ ತಪ್ಪಿದಾಗ ಡ್ರೈವರ್ ತನ್ನ ಪೂರ್ತಿ ಬಲದಲ್ಲಿ ಕೂಗಬಹುದು. ವಾಲ್ಯೂಮ್ ಗುಂಡಿಯಿಂದ ಅದು ತಗ್ಗುವುದಿಲ್ಲ. ಕಿವಿಗೆ ಹಾಕಿ ಪರೀಕ್ಷಿಸುವಾಗ ಒಂದು ಕೈ ಕಪ್ ಮೇಲೇ ಇರಲಿ.

ಮುಂದೆ ಮೂರು ಸ್ಥಿತಿಗಳ ಹೋಲಿಕೆ. ಆಫ್ ಇದ್ದಾಗ ಪೂರ್ತಿ ಮೌನ. ನಾಯ್ಸ್ ಕ್ಯಾನ್ಸಲಿಂಗ್‌ನಲ್ಲಿ ಗುಂಯ್. ಹೊರಗಿನ ಸದ್ದು ಕೇಳಿಸುವ ಮೋಡ್‌ನಲ್ಲೂ ಗುಂಯ್, ಆದರೆ ತುಸು ಸಣ್ಣದಾಗಿ. ಈ ಕೊನೆಯದನ್ನು ನೋಡಿ ಹಲವರು ಹೊರಮೈಕ್ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ, ಆ ಮೋಡ್ ಹೊರಮೈಕನ್ನೇ ಬಳಸುತ್ತದೆಯಲ್ಲ. ಅದು ಅವಸರದ ತೀರ್ಮಾನ. ನಮ್ಮದೇ ದನಿ ತಲೆಯೊಳಗೆ ಬೊಂಬೋ ಎನ್ನದಿರಲಿ ಎಂದು ಎಷ್ಟೋ ಮಾಡೆಲ್‌ಗಳು ಆ ಮೋಡ್‌ನಲ್ಲೂ ಒಳಬಳಸನ್ನು ಸ್ವಲ್ಪ ಮಟ್ಟಿಗೆ ಚಾಲೂ ಇಟ್ಟಿರುತ್ತವೆ.

ಹೊರಮೈಕನ್ನು ನೇರವಾಗಿ ಪರೀಕ್ಷಿಸುವ ದಾರಿ ಬೇರೆ ಇದೆ: ಅದರ ರಂಧ್ರಗಳ ಮೇಲೆ ಟೇಪ್ ಅಂಟಿಸುವುದು. ಬಲಗಪ್‌ನ ಹೊರಗಿನ ಜಾಲರಿಯ ಮೇಲೆ ಎರಡು ಪದರ ಟೇಪ್ ಹಾಕಿದಾಗ ಗುಂಯ್ ಶಬ್ದ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಡ್ರೈವರ್‌ನ ಸದ್ದು ಸೋರಿ ಹೊರಮೈಕ್‌ಗೆ ತಲುಪಿ ಬಳಸು ಹುಟ್ಟಿದ್ದರೆ ಟೇಪ್ ಹಾಕಿದೊಡನೆ ಶ್ರುತಿಯಾದರೂ ಬದಲಾಗಬೇಕಿತ್ತು. ಗಾಳಿ ಬಡಿದಾಗ ಬರುವ ಗೊರಗೊರವಾಗಿದ್ದರೆ ನಿಲ್ಲಬೇಕಿತ್ತು. ಆದರೆ ಒದ್ದೆಯಾದ ಮೈಕ್ ತಾನೇ ಹುಟ್ಟಿಸುವ ಕೊರಕಲು ಸದ್ದು ಟೇಪ್‌ಗೆ ಬಗ್ಗುವುದಿಲ್ಲ. ಅಂಥದ್ದು ಶ್ರುತಿಯಿಲ್ಲದ, ಹುರಿಯುವಂಥ ಸದ್ದು. ಇಲ್ಲಿ ಇದ್ದದ್ದು ಒಂದೇ ಎಳೆಯ ಸ್ವರ. ಹಾಗಾಗಿ ಹೊರಮೈಕ್ ಪಟ್ಟಿಯಿಂದ ಹೊರಬಿತ್ತು.

ನಂತರ ಎಡಬಲ ಕುಶನ್‌ಗಳನ್ನು ಅದಲುಬದಲು ಮಾಡಲಾಯಿತು. ದೋಷ ಕುಶನ್‌ನ ಜೊತೆ ಎಡಕ್ಕೆ ಹೋಗಲಿಲ್ಲ, ಬಲದಲ್ಲೇ ಉಳಿಯಿತು.

ಶ್ರುತಿ ಅಳೆಯಲು ಕಪ್‌ಗಿಂತ ದೊಡ್ಡ ದಪ್ಪ ರಟ್ಟಿನ ನಡುವೆ ಫೋನಿನ ಮೈಕ್‌ನ ಅಳತೆಯ ತೂತು ಕೊರೆದು, ಒಂದು ಕಡೆ ಕಪ್, ಇನ್ನೊಂದು ಕಡೆ ಫೋನ್ ಇಟ್ಟು, ಅಂಚಿಗೆ ಮಕ್ಕಳಾಟದ ಜೇಡಿ ಮೆತ್ತಿದರೆ ಸಾಕು. ಫೋನಿನ ಯಾವುದಾದರೂ ಸ್ಪೆಕ್ಟ್ರಮ್ ಆ್ಯಪ್ ಮುಖ್ಯ ಸ್ವರವನ್ನು ತೋರಿಸುತ್ತದೆ. ಬಲಗಪ್‌ನಲ್ಲಿ ಸುಮಾರು 90 ಹರ್ಟ್ಜ್‌ನಲ್ಲಿ ಎತ್ತರದ ಗೆರೆ, ಅದರ ಎರಡು ಮೂರು ಪಟ್ಟಿನಲ್ಲಿ ಚಿಕ್ಕ ಗೆರೆಗಳು ಕಂಡವು. ಕಪ್ಪನ್ನು ಮೆಲ್ಲನೆ ಒತ್ತಿದಂತೆ ಗೆರೆ 110ರ ಹತ್ತಿರ ಸರಿಯಿತು. ಗಟ್ಟಿಯಾಗಿ ಒತ್ತಿದಾಗ ಶಬ್ದವೇ ನಿಂತಿತು. ಶ್ರುತಿ ಸರಿದಾಡಿತು ಎಂದರೆ ಹೆಚ್ಚಾಗಿ ಗಾಳಿಯ ದಾರಿಯ ದೋಷ.

ಆದರೆ ಒತ್ತಿದರೆ ನಿಲ್ಲುತ್ತದೆ ಎಂಬುದು ಅಸಹಜ. ಒಳಬಳಸು ಹದ ತಪ್ಪುವ ಸಾಮಾನ್ಯ ಬಗೆಯಲ್ಲಿ ನಡೆಯುವುದು ಇದರ ತದ್ವಿರುದ್ಧ. ಕಪ್‌ನೊಳಗಿನ ಒತ್ತಡ ಹೊರಗೆ ಸರಿಸಮವಾಗಲೆಂದು ಇಟ್ಟಿರುವ ಕಿಂಡಿ ಕಟ್ಟಿಕೊಂಡಾಗ ಕೆಳಸ್ವರಗಳು ಒಳಗೇ ಸಿಕ್ಕಿ ಬಲಗೊಳ್ಳುತ್ತವೆ. ಒತ್ತಿದರೆ ಸದ್ದು ಹೆಚ್ಚುತ್ತದೆ, ಕುಶನ್‌ನ ಅಂಚು ಬೆರಳಿನಷ್ಟು ಎತ್ತಿದರೆ ಗಾಳಿ ಸೋರಿ ತಣ್ಣಗಾಗುತ್ತದೆ. ತಲೆದಿಂಬಿಗೆ ಒರಗಿದಾಗ ಮಾತ್ರ ಗುಡುಗುಡು ಎನ್ನುವ ಹೆಡ್‌ಫೋನ್‌ಗಳು ಹೆಚ್ಚಾಗಿ ಈ ಜಾತಿಯವು. ನಮ್ಮ ಪ್ರಕರಣದಲ್ಲಿ ಕುಶನ್ ಎತ್ತಿದರೆ ಶಬ್ದ ಹೆಚ್ಚಾಯಿತು. ಕಪ್ಪನ್ನು ಬರಿಗಾಳಿಯಲ್ಲಿ ಹಿಡಿದರೆ ಮೇಜಿನಾಚೆಗೂ ಕೇಳಿಸುವಷ್ಟಾಯಿತು. ಎಡಗಪ್ ಅದೇ ಸ್ಥಿತಿಯಲ್ಲಿ ಮೌನವಾಗಿತ್ತು.

ಕುಶನ್ ಬದಲಿಸಿದಾಗ ಒಂದು ವಾರ ಏಕೆ ಸುಮ್ಮನಾಗಿತ್ತು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಡ್ರೈವರ್‌ನ ಬೆನ್ನಿನ ಸದ್ದು

ಡ್ರೈವರ್‌ನ ಪೊರೆ ಮುಂದಕ್ಕೆ ಚಲಿಸಿದಾಗ ಕಿವಿಯ ಕಡೆ ಗಾಳಿ ಒತ್ತುತ್ತದೆ, ಅದೇ ಗಳಿಗೆಯಲ್ಲಿ ಬೆನ್ನಿನ ಕಡೆ ಗಾಳಿ ತೆಳುವಾಗುತ್ತದೆ. ಮುಂದಿನ ಅಲೆಗೂ ಹಿಂದಿನ ಅಲೆಗೂ ಚಿಹ್ನೆ ತಿರುವುಮುರುವು. ಒಳಮೈಕ್ ಕೇಳಬೇಕಾದದ್ದು ಮುಂದಿನದನ್ನು ಮಾತ್ರ. ಅದಕ್ಕಾಗಿ ಮೈಕನ್ನು ಒಂದು ಪುಟ್ಟ ರಬ್ಬರ್ ಬೂಟ್‌ನಲ್ಲಿ ಕೂರಿಸಿ, ಡ್ರೈವರ್ ಕೂತಿರುವ ಪ್ಲಾಸ್ಟಿಕ್ ತಟ್ಟೆಯ ತೂತಿಗೆ ಹಿಂದಿನಿಂದ ಅಂಟಿಸಿರುತ್ತಾರೆ. ಮೈಕ್ ಇರುವುದು ಬೆನ್ನಿನ ಕೋಣೆಯಲ್ಲಿ, ಅದರ ಬಾಯಿ ತೆರೆದಿರುವುದು ಮುಂದಿನ ಕೋಣೆಗೆ. ನಡುವೆ ಇರುವ ಆ ಬೂಟ್‌ನ ಅಂಟು ಬಿಟ್ಟರೆ ಮೈಕ್ ಎರಡೂ ಕೋಣೆಗಳನ್ನು ಕೇಳತೊಡಗುತ್ತದೆ.

ಬೆನ್ನಿನ ಸದ್ದಿನ ಪಾಲು ಚಿಕ್ಕದಿದ್ದಾಗ ಬರೀ ಶಬ್ದ ಅಡಗಿಸುವ ಶಕ್ತಿ ಕುಂದುತ್ತದೆ, ಗುಂಯ್ ಬರುವುದಿಲ್ಲ. ಪಾಲು ಬೆಳೆದು ಮುಂದಿನದನ್ನು ಮೀರಿದ ಕೂಡಲೇ ಬಳಸಿನ ಚಿಹ್ನೆಯೇ ತಿರುಗುತ್ತದೆ, ತಗ್ಗಿಸಬೇಕಾದ ಚಿಪ್ ಏರಿಸತೊಡಗುತ್ತದೆ. ಸ್ವರ ಹುಟ್ಟುವುದು ಬಳಸಿನ ಬಲ ಹೆಚ್ಚಿರುವ ಜಾಗದಲ್ಲಿ, ಇಲ್ಲಿ ನೂರು ಹರ್ಟ್ಜ್‌ನ ಆಸುಪಾಸು. ಕುಶನ್ ಚೆನ್ನಾಗಿ ಕೂತಾಗ ಮುಂದಿನ ಕೋಣೆಯ ಒತ್ತಡ ಹೆಚ್ಚಿ ಅದರ ಪಾಲು ಗೆಲ್ಲುತ್ತದೆ. ಅಗಿದಾಗ, ಕನ್ನಡಕದ ಕಡ್ಡಿ ಕುಶನ್ ಎತ್ತಿದಾಗ ಮುಂದಿನದು ಸೋರಿ ಬೆನ್ನಿನದು ಗೆಲ್ಲುತ್ತದೆ. ಹೊಸ ಕುಶನ್ ಒಂದು ವಾರ ಮಾಡಿದ್ದು ಇಷ್ಟೇ: ದೋಷವನ್ನು ಮುಚ್ಚಿಟ್ಟಿತ್ತು. ಅಂಟು ಇನ್ನಷ್ಟು ಬಿಟ್ಟಾಗ ಆ ಮುಚ್ಚಳವೂ ಸಾಲದಾಯಿತು. ಹತ್ತು ಹದಿನೈದು ನಿಮಿಷದ ಲೆಕ್ಕಕ್ಕೂ ಇದು ಹೊಂದುತ್ತದೆ, ಮೈಶಾಖಕ್ಕೆ ಅಂಟು ಮೆತ್ತಗಾಗಿ ಬೂಟ್ ಸಡಿಲುವಷ್ಟು ಹೊತ್ತು ಅದು.

ಇದು ಇನ್ನೂ ಊಹೆ. ಖಚಿತಪಡಿಸಲು ಕಪ್ ತೆರೆಯಲೇಬೇಕು.

ತೆರೆದಾಗ ಕಂಡದ್ದು

ಹೆಡ್‌ಫೋನ್ ಆಫ್ ಮಾಡಿ ಕುಶನ್ ತೆಗೆಯಲಾಯಿತು. ಕುಶನ್‌ನ ಪ್ಲಾಸ್ಟಿಕ್ ಉಂಗುರವನ್ನು ತೆಳುವಾದ ಪ್ಲಾಸ್ಟಿಕ್ ಮೀಟುಗಡ್ಡಿಯಿಂದ ಹೊರ ಅಂಚಿನಲ್ಲೇ ಎತ್ತಬೇಕು. ಚೂರಿ ಅಥವಾ ಸ್ಕ್ರೂಡ್ರೈವರ್ ಒಳಗೆ ತೂರಿದರೆ ಜಾಲರಿಗೂ ಪೊರೆಗೂ ಗಾಯ. ತಟ್ಟೆಯನ್ನು ನಾಲ್ಕು ಸ್ಕ್ರೂಗಳು ಹಿಡಿದಿದ್ದವು. ತಟ್ಟೆಯನ್ನು ಕಪ್‌ಗೆ ಜೋಡಿಸುವ ತಂತಿಗಳು ಕೂದಲಿನಷ್ಟು ತೆಳು, ಉದ್ದವೂ ಕಡಿಮೆ. ಸ್ಕ್ರೂ ಬಿಚ್ಚಿದ ಮೇಲೆ ತಟ್ಟೆಯನ್ನು ಎಳೆಯದೆ ಪುಟ ತಿರುಗಿಸಿದಂತೆ ಪಕ್ಕಕ್ಕೆ ಮಲಗಿಸಬೇಕು.

ಎಡಗಪ್ಪನ್ನೂ ಹಾಗೇ ತೆರೆದಿಟ್ಟುಕೊಂಡದ್ದರಿಂದ ಕೆಲಸ ಅರ್ಧಕ್ಕಿಳಿಯಿತು. ಒಂದೇ ಸಾಧನದಲ್ಲಿ ಸರಿಯಿರುವ ಜೋಡಿ ಇರುವಾಗ ಸರ್ಕ್ಯೂಟ್ ನಕ್ಷೆ ಬೇಡ. ಈ ಮಾಡೆಲ್‌ನ ಮೈಕ್ ಅನಲಾಗ್ ಬಗೆಯದು. ಪುಟ್ಟ ಬೋರ್ಡಿನಲ್ಲಿ ವಿದ್ಯುತ್ ಪೂರೈಕೆ, ಗ್ರೌಂಡ್, ಮೈಕ್‌ನ ಸಂಕೇತ ಹೊರಬರುವ ಹೊರಗತಿ ಎಂದು ಮೂರು ಬಿಂದುಗಳಿದ್ದವು. ಹೆಡ್‌ಫೋನ್ ಆನ್ ಮಾಡಿ ಮಲ್ಟಿಮೀಟರ್ ಇಟ್ಟಾಗ ಎರಡೂ ಕಡೆ ಪೂರೈಕೆ 1.8 ವೋಲ್ಟ್ ಇತ್ತು. ಹೊರಗತಿಯ ನಿಂತ ವೋಲ್ಟೇಜ್‌ನಲ್ಲಿ ಎಡಕ್ಕೂ ಬಲಕ್ಕೂ ಗಮನಿಸುವಂಥ ಅಂತರವಿರಲಿಲ್ಲ. ಬಲದ ಹೊರಗತಿ ಪೂರೈಕೆಯ ಮಟ್ಟಕ್ಕೋ ಸೊನ್ನೆಗೋ ಅಂಟಿಕೊಂಡಿದ್ದರೆ ಮೈಕ್ ಸತ್ತಿದೆ ಎನ್ನಬಹುದಿತ್ತು. ಡಿಜಿಟಲ್ ಮೈಕ್ ಇರುವ ಮಾಡೆಲ್‌ಗಳಲ್ಲಿ ಈ ಅಳತೆ ಏನನ್ನೂ ಹೇಳುವುದಿಲ್ಲ, ಅಲ್ಲಿ ಆಸಿಲೋಸ್ಕೋಪ್ ಬೇಕು.

ಇನ್ನು ಬೂಟ್. ಎಡದಲ್ಲಿ ಅದು ತಟ್ಟೆಗೆ ಸಮನಾಗಿ ಕೂತಿತ್ತು. ಬಲದಲ್ಲಿ ಒಂದು ಅಂಚು ಅರ್ಧ ಮಿಲಿಮೀಟರ್‌ನಷ್ಟು ಎದ್ದಿತ್ತು, ಕೆಳಗಿನ ಎರಡು ಬದಿಯ ಅಂಟು ಕಂದುಬಣ್ಣಕ್ಕೆ ತಿರುಗಿ ಜಿಡ್ಡಾಗಿತ್ತು. ಬೆವರು ಮತ್ತು ಚರ್ಮದ ಎಣ್ಣೆ ಮೈಕ್ ರಂಧ್ರದ ಜಾಲರಿಯ ಮೂಲಕ ನಿಧಾನವಾಗಿ ಇಳಿದು ಅಂಟನ್ನು ಕರಗಿಸಿರುವುದೇ ಹೆಚ್ಚು ಸಂಭವನೀಯ. ತಟ್ಟೆಯನ್ನು ಕಪ್‌ನಲ್ಲಿ ಕೂರಿಸಿ ಒಂದು ಸ್ಕ್ರೂ ಕಡೆ ಸ್ವಲ್ಪ ತೆರವಿಟ್ಟು, ಆ ಸಂದಿಯಿಂದ ಹಲ್ಲುಕಡ್ಡಿಯ ಮೊಂಡು ತುದಿಯಲ್ಲಿ ಬೂಟ್‌ನ ಎದ್ದ ಅಂಚನ್ನು ಒತ್ತಿದಾಗ ಗುಂಯ್ ಶಬ್ದ ತಟ್ಟನೆ ನಿಂತಿತು. ಬಿಟ್ಟಾಗ ಎರಡು ಮೂರು ಸೆಕೆಂಡಿನಲ್ಲಿ ಮರಳಿತು. ಐದು ಸಲ ಮಾಡಿದಾಗಲೂ ಅದೇ. ಲೋಹದ ಕಡ್ಡಿಯಿಂದ ಈ ಪರೀಕ್ಷೆ ಮಾಡಬಾರದು: ಬೋರ್ಡ್ ಶಾರ್ಟ್ ಆಗುವ ಭಯ ಒಂದು ಕಡೆ, ಡ್ರೈವರ್‌ನ ಅಯಸ್ಕಾಂತ ಕಡ್ಡಿಯನ್ನು ಎಳೆದು ಪೊರೆಗೆ ಚುಚ್ಚಿಸುವುದು ಇನ್ನೊಂದು ಕಡೆ.

ಸೀಲ್ ಹೊಸದಾಗಿ ಮಾಡಿದ್ದು

ಬ್ಯಾಟರಿಯ ಕನೆಕ್ಟರ್ ಬಿಡಿಸಿದ ಮೇಲೆಯೇ ಮುಂದಿನ ಕೆಲಸ. ಲಿಥಿಯಂ ಬ್ಯಾಟರಿ ಜೋಡಿಸಿಟ್ಟುಕೊಂಡು ಚಿಮಟ ಆಡಿಸುವುದು ಅನಗತ್ಯ ಅಪಾಯ.

ಬೂಟ್ ಬಿಡಿಸಿ, ಮೈಕ್‌ನ ಬಾಯಿಯ ಮೇಲೆ ಶಾಖ ತಡೆಯುವ ಹಳದಿ ಪಾಲಿಇಮೈಡ್ ಟೇಪ್‌ನ ಸಣ್ಣ ತುಂಡು ಅಂಟಿಸಲಾಯಿತು. ಈ ಒಂದು ಹೆಜ್ಜೆ ಬಿಟ್ಟರೆ ಉಳಿದ ಎಲ್ಲವೂ ವ್ಯರ್ಥವಾಗಬಹುದು. ಮೈಕ್‌ನೊಳಗಿನ ಸಿಲಿಕಾನ್ ಪೊರೆ ಕಣ್ಣಿಗೆ ಕಾಣದಷ್ಟು ತೆಳು. ದ್ರವ ಒಳಹೋದರೆ ಅದು ಅಂಟಿಕೊಳ್ಳುತ್ತದೆ, ಒತ್ತಡದ ಗಾಳಿ ಬಿದ್ದರೆ ಹರಿಯುತ್ತದೆ. ಧೂಳು ಊದಲು ಡಬ್ಬಿಯ ಗಾಳಿ ಹೊಡೆಯುವುದು, ವ್ಯಾಕ್ಯೂಮ್ ಹಿಡಿಯುವುದು, ಸೂಜಿ ಹಾಕಿ ಕೆದಕುವುದು ಇವು ಮೂರೂ ಸರಿಯಿದ್ದ ಮೈಕನ್ನು ಕೊಲ್ಲುವ ದಾರಿಗಳು. ಸುಮ್ಮನೆ ಗುಂಯ್ ಎನ್ನುತ್ತಿದ್ದ ಹೆಡ್‌ಫೋನ್ ಸ್ವಚ್ಛ ಮಾಡಿದ ಮೇಲೆ ಚಟಪಟ ಎನ್ನತೊಡಗಿತು ಎಂದರೆ ಕಾರಣ ಬಹುತೇಕ ಇದೇ.

ಹಳೆಯ ಅಂಟನ್ನು 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಲಾಯಿತು. ಹತ್ತಿ ತೇವವಾಗಿರಬೇಕು, ತೊಟ್ಟಿಕ್ಕಬಾರದು. ತಟ್ಟೆಯನ್ನು ತಲೆಕೆಳಗಾಗಿ ಹಿಡಿದು ಒರೆಸಿದರೆ ಹರಿದದ್ದು ರಂಧ್ರಕ್ಕೆ ಇಳಿಯುವುದಿಲ್ಲ. ಹದಿನೈದು ನಿಮಿಷ ಆರಲು ಬಿಟ್ಟ ಮೇಲೆ, ಬೂಟ್‌ಗೂ ತಟ್ಟೆಗೂ ನಡುವೆ ಅಂಟಿಸುವ ಹೊಸ ಉಂಗುರದ ಕೆಲಸ.

ಬೇಕಾದದ್ದು ಎರಡೂ ಬದಿ ಅಂಟಿರುವ, ಗಾಳಿ ಹಾಯದ ಮುಚ್ಚುಗುಳ್ಳೆಯ ಫೋಮ್ ಟೇಪ್. ದಪ್ಪ ಹಳೆಯದರಷ್ಟೇ ಇರಬೇಕು, ಇಲ್ಲಿ ಅದು ಅರ್ಧ ಮಿಲಿಮೀಟರ್. ಸ್ಪಂಜಿನಂಥ ತೆರೆಗುಳ್ಳೆಯ ಫೋಮ್ ಮೃದುವಾಗಿ ಚೆನ್ನಾಗಿ ಕೂರುತ್ತದೆ, ಆದರೆ ಗಾಳಿಯನ್ನು ಜರಡಿಯಂತೆ ಬಿಡುತ್ತದೆ. ಅದನ್ನು ಹಾಕಿದರೆ ದೋಷ ಹಾಗೇ ಉಳಿಯುತ್ತದೆ. ಉಂಗುರದ ನಡುವಿನ ತೂತು ತಟ್ಟೆಯ ತೂತಿಗಿಂತ ತುಸು ದೊಡ್ಡದಾಗಿರಲಿ, ಇಲ್ಲಿ ತಟ್ಟೆಯದು ಒಂದೂವರೆ ಮಿಲಿಮೀಟರ್, ಉಂಗುರದ್ದು ಎರಡು. ಚಿಕ್ಕದಾದರೆ ಫೋಮ್‌ನ ಅಂಚು ಒಳಕ್ಕೆ ಇಣುಕಿ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿ ಸದ್ದನ್ನು ತಡಮಾಡುತ್ತದೆ, ಆ ತಡವೇ ಮೇಲಿನ ಸ್ವರಗಳಲ್ಲಿ ಹೊಸ ಶಿಳ್ಳೆಯನ್ನು ಹುಟ್ಟಿಸಬಹುದು.

ಪಾಲಿಇಮೈಡ್ ತುಂಡನ್ನು ಕಿತ್ತು, ಬೂಟ್ ಕೂರಿಸಿ, ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿದ ಮೇಲೆ ಹೊರ ಅಂಚಿನ ಸುತ್ತ ಸಿಲಿಕೋನ್‌ನ ತೆಳುಗೆರೆ ಎಳೆಯಲಾಯಿತು. ಇಲ್ಲಿ ಎರಡು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಎಲೆಕ್ಟ್ರಾನಿಕ್ಸ್‌ಗೆಂದು ಸಿಗುವ ತಟಸ್ಥ ಬಗೆಯದನ್ನೇ ಬಳಸಬೇಕು. ಸೂಪರ್‌ಗ್ಲೂ ಅಂತೂ ಹತ್ತಿರವೇ ಸುಳಿಯಬಾರದು. ಅದರ ಆವಿ ಸುತ್ತಲಿನ ಮೇಲ್ಮೈ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಆ ಪುಡಿ ಮೈಕ್‌ನ ಬಾಯಿಗೂ ಹೋಗುತ್ತದೆ. ಸಿಲಿಕೋನ್ ಗಟ್ಟಿಯಾಗಲು ಕಪ್ ತೆರೆದಿಟ್ಟು 24 ಗಂಟೆ ಕಾಯಲಾಯಿತು.

ಕಾಯುವ ಹೊತ್ತಿನಲ್ಲಿ ಕಂಡ ಇನ್ನೊಂದು ಸಂಗತಿ: ಬಲ ತಟ್ಟೆಯ ಮುಂಭಾಗದಲ್ಲಿದ್ದ ಗಾಳಿಕಿಂಡಿಯ ಜಾಲರಿ ಮೇಣದಂಥ ಪದರದಿಂದ ಮುಕ್ಕಾಲು ಮುಚ್ಚಿತ್ತು. ಎಡದ್ದೂ ಅಷ್ಟೇನೂ ಚೊಕ್ಕಟವಿರಲಿಲ್ಲ. ಜಾಲರಿ ಕೆಳಮುಖವಾಗಿರುವಂತೆ ಹಿಡಿದು, ಆಲ್ಕೊಹಾಲ್‌ನಲ್ಲಿ ಅದ್ದಿ ಒರೆಸಿದ ಮೃದು ಟೂತ್‌ಬ್ರಷ್‌ನಿಂದ ಮೆಲ್ಲಗೆ ತಟ್ಟಿ ತಟ್ಟಿ ಪದರವನ್ನು ಎತ್ತಲಾಯಿತು. ಉಜ್ಜಿದರೆ ಕೊಳೆ ಒಳಕ್ಕೆ ಹೋಗುತ್ತದೆ. ಕೆಲವರು ಜಾಲರಿಯನ್ನೇ ಚುಚ್ಚಿ ತೂತು ದೊಡ್ಡದು ಮಾಡುತ್ತಾರೆ. ಆ ಜಾಲರಿಯ ತಡೆ ಲೆಕ್ಕಹಾಕಿ ಇಟ್ಟದ್ದು, ಚುಚ್ಚಿದರೆ ಕೆಳಸ್ವರ ಸೋರಿ ಹಾಡೂ ಸಪ್ಪೆ, ಶಬ್ದ ಅಡಗಿಸುವುದೂ ಸಪ್ಪೆ.

ಮರುಪರೀಕ್ಷೆ, ಮತ್ತು ಉಳಿದುಕೊಂಡ ಬಿಗಿತ

ಜೋಡಿಸಿದ ಮೇಲೆ ಬರಿಗಾಳಿಯಲ್ಲಿ ಹಿಡಿದಾಗ ಎರಡೂ ಕಪ್ ಮೌನ. ಕುಶನ್ ಅಂಚು ಎತ್ತಿದಾಗಲೂ, ಗಟ್ಟಿಯಾಗಿ ಒತ್ತಿದಾಗಲೂ ಮೌನ. ಶಾಖದ ಸಂಶಯ ಇದ್ದುದರಿಂದ 45 ನಿಮಿಷ ತಲೆಯ ಮೇಲಿಟ್ಟು ಮತ್ತೆ ಅವೇ ಪರೀಕ್ಷೆ ಮಾಡಲಾಯಿತು. ಸ್ಪೀಕರ್‌ನಲ್ಲಿ 100 ಹರ್ಟ್ಜ್ ಸ್ವರ ಹಾಕಿ ಎರಡು ಕಿವಿಗಳಿಗೆ ಉಳಿದು ಕೇಳಿಸುವುದನ್ನು ಹೋಲಿಸಿದಾಗ ಎಡಬಲದಲ್ಲಿ ಅಂತರ ಗೊತ್ತಾಗಲಿಲ್ಲ. ಈ ಕೊನೆಯ ಪರೀಕ್ಷೆ ಬಿಡಬಾರದು. ಗುಂಯ್ ನಿಂತರೂ ಸೀಲ್ ಅರ್ಧಂಬರ್ಧ ಕೂತಿದ್ದರೆ ಆ ಕಡೆ ಶಬ್ದ ಕಡಿಮೆ ಅಡಗುತ್ತದೆ, ಕೆಲವು ವಾರಗಳಲ್ಲಿ ದೋಷ ಮರಳುತ್ತದೆ.

ಬಲಗಿವಿಯ ಬಿಗಿತ ಬಹಳಷ್ಟು ತಗ್ಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಈಗ ಅದು ಎರಡೂ ಕಿವಿಯಲ್ಲಿ ಸಮವಾಗಿತ್ತು. ಹಾಗೆ ಸಮವಾದದ್ದೇ ರಿಪೇರಿ ಸರಿಯಾದುದರ ಗುರುತು.

ಬಿಗಿತ ಎಂಬುದು ಗುಂಯ್ ಶಬ್ದಕ್ಕಿಂತ ಜಾರುವ ವಿಷಯ. ವಿಮಾನ ಏರುವಾಗ ಕಿವಿ ಕಟ್ಟಿದಂತೆ ಎನಿಸಿದರೂ ಇಲ್ಲಿ ಗಾಳಿಯ ಒತ್ತಡ ನಿಂತ ರೂಪದಲ್ಲಿ ಏರಿರುವುದಿಲ್ಲ. ಮೈಕ್‌ಗೆ ನಿಂತ ಒತ್ತಡ ಕೇಳಿಸುವುದೇ ಇಲ್ಲ, ಕಪ್‌ನಿಂದ ಗಾಳಿ ಸದಾ ಸ್ವಲ್ಪ ಸೋರುತ್ತಲೂ ಇರುತ್ತದೆ. ಹೆಚ್ಚಾಗಿ ಕೊಡುವ ವಿವರಣೆ ಇದು: ನಡುಗಿವಿಯ ಒತ್ತಡ ಏರುಪೇರಾದಾಗ ಮಿದುಳಿಗೆ ಮೊದಲು ಕುಂದುವುದು ಕೆಳಸ್ವರಗಳು, ನಾಯ್ಸ್ ಕ್ಯಾನ್ಸಲಿಂಗ್ ಕೂಡ ಕೆಳಸ್ವರಗಳನ್ನೇ ತೆಗೆದು ಮೇಲಿನವನ್ನು ಬಿಡುತ್ತದೆ, ಮಿದುಳು ಅದನ್ನು ಒತ್ತಡವೆಂದೇ ಓದುತ್ತದೆ. ಇದು ದೋಷವಲ್ಲ, ಆದ್ದರಿಂದ ಕಳಚಿ ಸರಿಮಾಡುವಂಥದ್ದೂ ಅಲ್ಲ.

ದೋಷದಿಂದ ಬರುವ ಬಿಗಿತವನ್ನು ಗುರುತಿಸುವ ಬಗೆ ಬೇರೆ. ಅದು ಒಂದೇ ಕಿವಿಯಲ್ಲಿರುತ್ತದೆ, ಇಲ್ಲವೇ ನಡೆಯುವಾಗ ಹೆಜ್ಜೆ ಹೆಜ್ಜೆಗೂ ಡಬ್ ಡಬ್ ಎಂದು ಬಡಿಯುತ್ತದೆ. ಕಪ್ ಒತ್ತಿದಾಗ ಡ್ರೈವರ್ ಚಟ್ ಎಂದು ಸುಕ್ಕುಗಟ್ಟಿದ ಸದ್ದು ಮಾಡಿದರೆ ಗಾಳಿಕಿಂಡಿ ಕಟ್ಟಿದೆ. ಕಿವಿಗೆ ಕೇಳದಷ್ಟು ಕೆಳಗಿನ ಸ್ವರದಲ್ಲಿ ಪೊರೆ ಜೋರಾಗಿ ಅಲುಗಿದಾಗಲೂ ಬಿಗಿತವೆನಿಸುತ್ತದೆ. ಇಲ್ಲಿ ಮೊದಲು ಬಲಗಿವಿಯಲ್ಲಿದ್ದ ಹೆಚ್ಚಿನ ಪಾಲು, ಗುಂಯ್ ಏಳುವ ಅಂಚಿನಲ್ಲಿ ತೂಗಾಡುತ್ತಿದ್ದ ಬಳಸು ಮತ್ತು ಕಟ್ಟಿದ ಕಿಂಡಿ ಇವೆರಡರದು. ಉಳಿದ ಪಾಲಿಗೆ ಆ್ಯಪ್‌ನಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಮಟ್ಟವನ್ನು ಎರಡು ಮೆಟ್ಟಿಲು ಇಳಿಸಿದರೆ ಸಾಕಾಯಿತು. ಧರಿಸಿದ ಮೇಲೆ ಹದ ಮಾಡಿಕೊಳ್ಳುವ ಸೌಲಭ್ಯ ಇರುವ ಮಾಡೆಲ್ ಆಗಿದ್ದರಿಂದ, ರಿಪೇರಿಯ ನಂತರ ಅದನ್ನೂ ಕನ್ನಡಕ ಹಾಕಿಕೊಂಡೇ ಒಮ್ಮೆ ಓಡಿಸಲಾಯಿತು. ಹಳೆಯ ಸೋರಿಕೆಯ ಲೆಕ್ಕದಲ್ಲಿ ಉಳಿಸಿದ್ದ ಹದ ಹೊಸ ಸ್ಥಿತಿಗೆ ಹೊಂದುವುದಿಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಆಫ್ ಇದ್ದಾಗಲೂ ಬಿಗಿತ, ನೋವು ಅಥವಾ ಕಿವಿಯೊಳಗೆ ಸದ್ದು ಇದ್ದರೆ ನೋಡಬೇಕಾದವರು ಕಿವಿಯ ವೈದ್ಯರು.

ಇದೇ ದೂರು, ಬೇರೆ ಕಾರಣ

ಹೊಸ ಕುಶನ್ ಹಾಕಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಮೊದಲು ಹಳೆಯದನ್ನೇ ಮರಳಿ ಹಾಕಿ ನೋಡಬೇಕು. ಬೇರೆ ಕಂಪನಿಯ ಕುಶನ್‌ಗಳಲ್ಲಿ ಒಳಬಟ್ಟೆ ದಪ್ಪವಿದ್ದು ಒಳಮೈಕ್‌ನ ಅಥವಾ ಕಿಂಡಿಯ ಮೇಲೆ ಮಲಗುವುದುಂಟು. ಅದೇ ಬಟ್ಟೆ ಧರಿಸಿದ್ದನ್ನು ಗುರುತಿಸುವ ಸೆನ್ಸರ್‌ನ ಕಣ್ಣನ್ನು ಮುಚ್ಚಿದರೆ, ತಲೆಯಿಂದ ತೆಗೆದರೂ ಹೆಡ್‌ಫೋನ್‌ಗೆ ಗೊತ್ತಾಗುವುದಿಲ್ಲ. ಆಗ ಬ್ಯಾಗಿನೊಳಗೆ ಎರಡು ಕಪ್ ಒಂದಕ್ಕೊಂದು ಒತ್ತಿಕೊಂಡು ಕೂಗುತ್ತಾ ಬ್ಯಾಟರಿ ಖಾಲಿಮಾಡುತ್ತವೆ. ಸೆನ್ಸರ್‌ನ ಕಿಟಕಿ ಒರೆಸಿ, ಆ ಭಾಗದ ಬಟ್ಟೆ ತೆಳುವಾಗಿರುವ ಕುಶನ್ ಹಾಕಿದರೆ ಸರಿಹೋಗುತ್ತದೆ.

ಮಳೆಯಲ್ಲೋ ವ್ಯಾಯಾಮದಲ್ಲೋ ತೊಯ್ದ ಮೇಲೆ ಶ್ರುತಿಯಿಲ್ಲದ ಗೊರಗೊರ ಬಂದರೆ ಕಪ್ ತೆರೆಯಬೇಡಿ. ಕುಶನ್ ತೆಗೆದು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಹೇರ್ ಡ್ರೈಯರ್ ಅಂಟನ್ನು ಸಡಿಲಿಸಿ ಈ ಪ್ರಕರಣದ ದೋಷವನ್ನೇ ತಂದಿಡುತ್ತದೆ. ಹೆಡ್‌ಬ್ಯಾಂಡ್ ಬಗ್ಗಿಸಿದಾಗ ಬಂದು ಹೋಗುವ ಸದ್ದು ಒಳಗೆ ಹಾದುಹೋಗುವ ತಂತಿಯದು. ಮಡಚುವ ಕೀಲಿನ ಹತ್ತಿರ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ.

ಮೈಕ್ ನಿಜಕ್ಕೂ ಸತ್ತಿದ್ದರೆ ಬಿಡಿ ಮೈಕ್ ತಂದು ಬೆಸೆಯುವ ಆಸೆ ಸಹಜ. ಕಾರ್ಖಾನೆಯಲ್ಲಿ ಪ್ರತಿ ಕಪ್‌ನ ಮೈಕ್ ಎಷ್ಟು ಚುರುಕು ಎಂದು ಅಳೆದು ಚಿಪ್‌ನಲ್ಲಿ ಆ ಅಂಕಿ ಬರೆದಿಡುವ ಪದ್ಧತಿ ಇದೆ. ಕೆಲವೇ ಡೆಸಿಬೆಲ್ ಹೆಚ್ಚು ಚುರುಕಾದ ಮೈಕ್ ಕೂತರೆ ಬಳಸು ಮತ್ತೆ ಅಂಚಿಗೆ ಬರುತ್ತದೆ, ಮಂದವಾದದ್ದು ಕೂತರೆ ಶಬ್ದ ಅಡಗುವುದಿಲ್ಲ. ಅದೇ ಭಾಗಸಂಖ್ಯೆಯ ಮೈಕ್ ಸಿಕ್ಕರೆ ಪ್ರಯತ್ನಿಸಬಹುದು, ಬಿಸಿಗಾಳಿಯ ಬೆಸುಗೆ ಕೈಗೆ ಚೆನ್ನಾಗಿ ಹತ್ತಿದ್ದರೆ ಮಾತ್ರ. ಇಲ್ಲದಿದ್ದರೆ ಅದೇ ಮಾಡೆಲ್‌ನ ಇನ್ನೊಂದು ಕೆಟ್ಟ ಹೆಡ್‌ಫೋನಿನಿಂದ ಡ್ರೈವರ್ ಮತ್ತು ಒಳಮೈಕ್ ಕೂತಿರುವ ಇಡೀ ತಟ್ಟೆಯನ್ನೇ ತಂದು ಹಾಕುವುದು ವಾಸಿ. ಅಂಕಿ ಆಗಲೂ ಪೂರ್ತಿ ಹೊಂದಲಿಕ್ಕಿಲ್ಲ, ಆದರೆ ಬೂಟ್‌ನ ಸೀಲ್ ಕಾರ್ಖಾನೆಯದ್ದಾಗಿರುತ್ತದೆ. ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಮುಟ್ಟುವ ಮುಂಚೆ ರಟ್ಟಿನ ಪರೀಕ್ಷೆಯ ಧ್ವನಿಮುದ್ರಣ ಮಾಡಿಟ್ಟುಕೊಳ್ಳಿ. ಹದಿನೈದು ನಿಮಿಷ ಬಿಸಿಯಾದ ಮೇಲಷ್ಟೇ ಕಾಣಿಸುವ ದೋಷ ಸರ್ವಿಸ್ ಸೆಂಟರ್‌ನ ಎರಡು ನಿಮಿಷದ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಅಪರೂಪ.